ಐವತ್ತರ ನಂತರದ ಓಟ: ಬಿಡುವಿನ ದಿನ, ಮೂಳೆ ಮತ್ತು ವೇಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಈಗಾಗಲೇ ಒಂದೆರಡು ವರ್ಷ ಓಡಿ ರೂಢಿಯಿದ್ದು, ಐವತ್ತು ದಾಟಿದ ಮೇಲೆ ಸಮಯ ಸುಧಾರಿಸದೆ ಅಥವಾ ನೋವು ಬಿಡದೆ ಸಿಕ್ಕಿಬಿದ್ದವರಿಗೆ. ಹೊಸದಾಗಿ ಶುರು ಮಾಡುವವರು ಮೊದಲು ನಡಿಗೆ-ಓಟ ಬೆರೆಸಿ ಮೂರ್ನಾಲ್ಕು ತಿಂಗಳು ಕಳೆದು ಇಲ್ಲಿಗೆ ಬರುವುದು ಒಳ್ಳೆಯದು.

ನಲವತ್ತರಲ್ಲಿ ಮಾಡುತ್ತಿದ್ದ ತರಬೇತಿಯನ್ನೇ ಈಗಲೂ ಮಾಡುತ್ತಿದ್ದೇನೆ. ಆಗ ಫಲ ಕೊಟ್ಟದ್ದು ಈಗ ಯಾಕೆ ಕೊಡುತ್ತಿಲ್ಲ?

ಕಷ್ಟಪಡುವ ಶಕ್ತಿ ಅಷ್ಟಾಗಿ ಕುಂದಿರುವುದಿಲ್ಲ. ಆ ಕಷ್ಟವನ್ನು ದೇಹ ಅರಗಿಸಿಕೊಳ್ಳಲು ಬೇಕಾದ ಸಮಯ ಉದ್ದವಾಗಿರುತ್ತದೆ. ಜೋರಿನ ಓಟವೊಂದರ ಮಾರನೆಯ ದಿನ ಉಸಿರು, ಎದೆಬಡಿತ ಎಲ್ಲ ಸರಿಹೋಗಿರುತ್ತದೆ, ಹಾಗಾಗಿ ಮತ್ತೆ ಓಡಲು ಸಿದ್ಧ ಅನ್ನಿಸುತ್ತದೆ. ಆದರೆ ಮೀನಖಂಡ, ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್ ಮತ್ತು ಮೂಳೆಗಳ ರಿಪೇರಿ ಇನ್ನೂ ಅರ್ಧಕ್ಕೇ ಇರುತ್ತದೆ. ಎದೆ ಸಿದ್ಧವಾಗುವುದಕ್ಕೂ ಕಾಲು ಸಿದ್ಧವಾಗುವುದಕ್ಕೂ ನಡುವಿನ ಅಂತರ ಮೂವತ್ತರಲ್ಲಿ ಗೊತ್ತೇ ಆಗುವುದಿಲ್ಲ. ಐವತ್ತೈದರಲ್ಲಿ ಅದು ಒಂದು ದಿನವೋ ಎರಡು ದಿನವೋ ಆಗಿಬಿಡುತ್ತದೆ. ಐವತ್ತು ದಾಟಿದವರ ಗಾಯಗಳಲ್ಲಿ ಮೀನಖಂಡ ಮತ್ತು ಅಕಿಲಿಸ್ ಮುಂದೆ ನಿಲ್ಲುವುದು ಇದೇ ಕಾರಣಕ್ಕೆ.

ಇನ್ನೊಂದು ಕಾರಣ ಊಟದ್ದು. ವಯಸ್ಸಾದಂತೆ ಸ್ನಾಯುಗಳು ಪ್ರೋಟೀನಿಗೆ ಸ್ಪಂದಿಸುವುದು ಮಂದವಾಗುತ್ತದೆ. ಯುವಕನಿಗೆ ಸಾಕಾಗುವ ಒಂದು ಹೊತ್ತಿನ ಪ್ರೋಟೀನ್ ಐವತ್ತೈದರ ಸ್ನಾಯುವನ್ನು ಪೂರ್ತಿ ಎಬ್ಬಿಸುವುದಿಲ್ಲ. ಇದರ ಲೆಕ್ಕ ಮುಂದೆ ಇದೆ.

ಹಾಗಾದರೆ ಜೋರಿನ ಓಟ ಬಿಟ್ಟು ನಿಧಾನವಾಗಿಯೇ ಓಡಿಕೊಂಡಿದ್ದರೆ ಆಗದೇ?

ಆಗುತ್ತದೆ, ಆದರೆ ವೇಗ ಬೇಗ ಕೈಬಿಡುತ್ತದೆ. ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣಕ್ಕೆ ವಿಒ2 ಮ್ಯಾಕ್ಸ್ ಅನ್ನುತ್ತಾರೆ. ಕೂತೇ ಇರುವವರಲ್ಲಿ ಇದು ಹತ್ತು ವರ್ಷಕ್ಕೆ ಸುಮಾರು ಶೇ 10ರಷ್ಟು ಇಳಿಯುತ್ತದೆ. ಜೋರಿನ ತರಬೇತಿ ಬಿಡದವರಲ್ಲಿ ಇಳಿತ ಅದರ ಅರ್ಧದ ಆಸುಪಾಸಿನಲ್ಲಿ ಇರಬಹುದು. ಇದರ ಜೊತೆಗೆ, ವೇಗಕ್ಕೆ ಬೇಕಾದ ಸ್ನಾಯು ಎಳೆಗಳು ಬಳಸದಿದ್ದರೆ ಮೊದಲು ಸೊರಗುತ್ತವೆ. ನಿಧಾನದ ಓಟ ಅವನ್ನು ಮುಟ್ಟುವುದೇ ಇಲ್ಲ.

ಬಹಳ ಜನ ಬೀಳುವ ಗುಂಡಿ ಬೇರೆಯೇ ಇದೆ. ಜೋರು ಅಪಾಯ ಅಂತ ಅದನ್ನು ಬಿಡುತ್ತಾರೆ, ತೀರಾ ನಿಧಾನ ಅವಮಾನ ಅಂತ ಅದನ್ನೂ ಬಿಡುತ್ತಾರೆ. ದಿನವೂ ಒಂದೇ ಮಧ್ಯಮ ವೇಗ, ಸ್ವಲ್ಪ ಏದುಸಿರು, ಸ್ವಲ್ಪ ಬೆವರು. ಆ ವೇಗ ಕಾಲಿಗೆ ಬಿಡುವು ಕೊಡುವಷ್ಟು ಹಗುರವಲ್ಲ, ಎದೆಯನ್ನು ಬೆಳೆಸುವಷ್ಟು ಜೋರೂ ಅಲ್ಲ. ಜೋರಿನ ಮಟ್ಟ ಹಾಗೇ ಇರಲಿ, ಅದರ ಸರದಿ ವಿರಳವಾಗಲಿ, ನಡುವಿನ ದಿನಗಳು ನಿಜಕ್ಕೂ ಹಗುರವಾಗಲಿ ಅನ್ನುವುದೇ ಈ ಪುಟದ ಉಳಿದೆಲ್ಲ ಉತ್ತರಗಳ ತಳಹದಿ.

ಎರಡು ಜೋರಿನ ದಿನಗಳ ನಡುವೆ ಎಷ್ಟು ಅಂತರ ಇರಬೇಕು?

ಕನಿಷ್ಠ ಎರಡು ಪೂರ್ತಿ ದಿನ. ಭಾನುವಾರ ಜೋರಾಗಿದ್ದರೆ ಮುಂದಿನದು ಬುಧವಾರ. ಭಾನುವಾರದ ಲಾಂಗ್ ರನ್ನನ್ನೂ ಜೋರಿನ ದಿನವೆಂದೇ ಎಣಿಸಿ. ವೇಗ ಕಡಿಮೆಯಿದ್ದರೂ ಎರಡು ಗಂಟೆ ನೆಲ ಬಡಿದ ಕಾಲಿಗೆ ಅದು ಜೋರೇ. ಹೆಚ್ಚಿನವರು ತಪ್ಪುವುದು ಈ ಲೆಕ್ಕದಲ್ಲಿ: ಮಂಗಳವಾರ ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ ಇಂಟರ್ವಲ್, ಗುರುವಾರ ಅದಕ್ಕಿಂತ ತುಸು ಕಡಿಮೆ ಜೋರಿನಲ್ಲಿ ಹೆಚ್ಚು ಹೊತ್ತು ಒಂದೇ ಸಮನೆ ಓಡುವ ಟೆಂಪೋ, ಭಾನುವಾರ ಲಾಂಗ್ ರನ್ ಮಾಡಿ "ವಾರಕ್ಕೆ ಎರಡೇ ಜೋರು" ಅನ್ನುತ್ತಾರೆ. ಅಲ್ಲಿರುವುದು ಮೂರು.

ಕೆಲವು ತರಬೇತುದಾರರು ವಾರವನ್ನೇ ಮರೆತು ಒಂಬತ್ತು ದಿನದ ಸುತ್ತು ಮಾಡಿಸುತ್ತಾರೆ: ಒಂದು ಜೋರು, ಎರಡು ಹಗುರ, ಹೀಗೆ ಮೂರು ಸಲ. ಲೆಕ್ಕ ಚೆನ್ನಾಗಿದೆ, ನಿವೃತ್ತರಿಗೆ ಒಗ್ಗುತ್ತದೆ. ಕೆಲಸಕ್ಕೆ ಹೋಗುವವರಿಗೆ ಲಾಂಗ್ ರನ್ ಒಮ್ಮೆ ಮಂಗಳವಾರ, ಇನ್ನೊಮ್ಮೆ ಗುರುವಾರ ಬಂದು ತಲೆನೋವಾಗುತ್ತದೆ. ಅಂಥವರಿಗೆ ಹದಿನಾಲ್ಕು ದಿನದ ಸುತ್ತು ಸುಲಭ. ಎಲ್ಲ ಭಾನುವಾರ ಲಾಂಗ್ ರನ್, ಒಂದು ಬುಧವಾರ ಇಂಟರ್ವಲ್, ಮುಂದಿನ ಬುಧವಾರ ಟೆಂಪೋ. ಪ್ರತಿ ವಾರ ಎರಡನ್ನೂ ತುರುಕುವ ಬದಲು ಹದಿನೈದು ದಿನಕ್ಕೊಮ್ಮೆ ಒಂದೊಂದು. ಮೊದಮೊದಲು ಇದು ಕಡಿಮೆಯಾಯಿತೇನೋ ಅನ್ನಿಸುತ್ತದೆ. ಆದರೆ ಬುಧವಾರ ಬಂದಾಗ ಕಾಲು ತಾಜಾ ಇರುವುದರಿಂದ ಅಂದುಕೊಂಡ ವೇಗ ನಿಜಕ್ಕೂ ಸಿಗುತ್ತದೆ.

ಇದನ್ನು ಒಂದು ಉದಾಹರಣೆಯಲ್ಲಿ ಬಿಡಿಸಿ ಹೇಳಬಹುದೇ?

54 ವರ್ಷದ ಮಹಿಳೆ, ತೂಕ 58 ಕಿಲೋ, ಮುಟ್ಟು ನಿಂತು ನಾಲ್ಕು ವರ್ಷ ಅಂದುಕೊಳ್ಳಿ. 10 ಕಿಲೋಮೀಟರ್ ಓಟ ಎರಡು ವರ್ಷದಿಂದ 65 ನಿಮಿಷಕ್ಕೆ ನಿಂತಿದೆ, ಅಂದರೆ ಕಿಲೋಮೀಟರಿಗೆ 6:30. ವಾರಕ್ಕೆ ಆರು ದಿನ, ಒಟ್ಟು 45 ಕಿಲೋಮೀಟರ್, ಬಹುತೇಕ ಎಲ್ಲವೂ 7:00ರ ವೇಗದಲ್ಲಿ. ಮಂಗಳವಾರ, ಗುರುವಾರ ಜೋರು, ಭಾನುವಾರ 16. ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಎಡ ಹಿಮ್ಮಡಿ ಹತ್ತು ಹೆಜ್ಜೆ ಬಿಗಿದುಕೊಂಡು ಆಮೇಲೆ ಸಡಿಲವಾಗುತ್ತದೆ.

ಮೊದಲ ಬದಲಾವಣೆ ಹಗುರದ ದಿನದ್ದು. ಇವರಿಗೆ ಹಗುರ ಎಂದರೆ ಕಿಲೋಮೀಟರಿಗೆ 7:40ರಿಂದ 8:20. ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು, ಮಧ್ಯೆ ಉಸಿರಿಗಾಗಿ ತಡೆಯಬಾರದು. ಕಬ್ಬನ್ ಪಾರ್ಕಿನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಗುಂಪಿನ ಜೊತೆ ಓಡುವವರಿಗೆ ಇದೇ ಅತಿ ಕಷ್ಟದ ಭಾಗ, ಯಾಕೆಂದರೆ ಗುಂಪಿನ ವೇಗ ಯಾವಾಗಲೂ ಹತ್ತು-ಇಪ್ಪತ್ತು ಸೆಕೆಂಡು ಮೇಲೆಯೇ ಇರುತ್ತದೆ.

ವಾರ ಹೀಗೆ ಕೂರುತ್ತದೆ. ಭಾನುವಾರ 14 ಕಿಲೋಮೀಟರ್ ಹಗುರದ ವೇಗದಲ್ಲಿ. ಸೋಮವಾರ ಏನೂ ಇಲ್ಲ. ಮಂಗಳವಾರ 6 ಕಿಲೋಮೀಟರ್ ಹಗುರ, ಕೊನೆಯಲ್ಲಿ 15 ಸೆಕೆಂಡಿನ ಚುರುಕು ಓಟ ನಾಲ್ಕು ಸಲ, ಪ್ರತಿ ಸಲದ ನಂತರ ಒಂದು ನಿಮಿಷ ನಡಿಗೆ. ಬುಧವಾರ ಬೆಳಿಗ್ಗೆ 15 ನಿಮಿಷ ವಾರ್ಮ್-ಅಪ್, ನಂತರ 3 ನಿಮಿಷದ ಇಂಟರ್ವಲ್ ಐದು, ಕಿಲೋಮೀಟರಿಗೆ 6:15ರ ವೇಗದಲ್ಲಿ, ನಡುವೆ ಎರಡೂವರೆ ನಿಮಿಷ ನಡಿಗೆ ಅಥವಾ ತೀರಾ ನಿಧಾನದ ಓಟ, ಕೊನೆಗೆ 10 ನಿಮಿಷ ಹಗುರ. ಅಂದು ಸಂಜೆ ಭಾರ ಎತ್ತುವ ವ್ಯಾಯಾಮ. ಗುರುವಾರ ಅರ್ಧ ಗಂಟೆ ನಡಿಗೆ ಮಾತ್ರ. ಶುಕ್ರವಾರ 7 ಕಿಲೋಮೀಟರ್ ಹಗುರ, ಸಂಜೆ ಮತ್ತೆ ಭಾರ. ಶನಿವಾರ ಬಿಡುವು, ಕಾಲು ತುಂಬ ಚೆನ್ನಾಗಿದ್ದರೆ 4 ಕಿಲೋಮೀಟರ್.

ಎರಡನೆಯ ವಾರ ಬುಧವಾರದ್ದು ಮಾತ್ರ ಬದಲು: 8 ನಿಮಿಷದ ಟೆಂಪೋ ಮೂರು, 6:35ರ ಆಸುಪಾಸಿನಲ್ಲಿ, ನಡುವೆ ಎರಡು ನಿಮಿಷ ಬಿಡುವು. 10 ಕಿಲೋಮೀಟರಿಗೆ ಒಂದು ಗಂಟೆ ಮೇಲೆ ಬೇಕಾಗುವವರು ಟೆಂಪೋ ವೇಗವನ್ನು ಸ್ಪರ್ಧೆಯ ವೇಗದ ಹತ್ತಿರವೇ ಇಟ್ಟುಕೊಳ್ಳಬಹುದು. 40 ನಿಮಿಷದವರಿಗೆ ಬರೆದ ಪುಸ್ತಕದ ಸೂತ್ರ ಇಲ್ಲಿ ಹೊಂದುವುದಿಲ್ಲ.

ಮೂರನೆಯ ವಾರ ಇಳಿಸುವ ವಾರ. ಭಾನುವಾರ 10 ಕಿಲೋಮೀಟರ್, ಬುಧವಾರ 20 ಸೆಕೆಂಡಿನ ಚುರುಕು ಓಟ ಆರು ಮಾತ್ರ, ಭಾರದಲ್ಲಿ ಒಂದೊಂದು ಸೆಟ್ ಕಡಿಮೆ. ಒಟ್ಟು ದೂರ ಮೂರನೇ ಒಂದು ಭಾಗ ಇಳಿಯಬೇಕು. ಯುವಕರಿಗೆ ಮೂರು ವಾರ ಏರಿಸಿ ನಾಲ್ಕನೆಯದನ್ನು ಇಳಿಸುವ ಪದ್ಧತಿ ಇದೆ. ಐವತ್ತರ ಮೇಲೆ ಎರಡು ಏರಿಸಿ ಮೂರನೆಯದನ್ನು ಇಳಿಸುವುದು ಹೆಚ್ಚು ಜನರಿಗೆ ಒಗ್ಗುತ್ತದೆ.

ಈ ಸುತ್ತಿನಲ್ಲಿ ಪ್ರಗತಿ ಎಲ್ಲಿಂದ ಬರುತ್ತದೆ? ಎಷ್ಟೆಷ್ಟು ಏರಿಸಬೇಕು?

ಮೂರು ವಾರದ ಒಂದು ಸುತ್ತಿಗೆ ಒಂದೇ ಒಂದು ಬದಲಾವಣೆ. ಇಂಟರ್ವಲ್ ಐದರಿಂದ ಆರು ಮಾಡಿದಿರೋ, ಆ ಸುತ್ತಿನಲ್ಲಿ ಲಾಂಗ್ ರನ್ 14ರಲ್ಲೇ ಇರಲಿ. ಮುಂದಿನ ಸುತ್ತಿನಲ್ಲಿ ಲಾಂಗ್ ರನ್ 15 ಆಗಲಿ, ಇಂಟರ್ವಲ್ ಆರರಲ್ಲೇ ನಿಲ್ಲಲಿ. ಮೂರು ನಿಮಿಷದ್ದು ಆರು ಸಲೀಸಾದ ಮೇಲೆ ನಾಲ್ಕು ನಿಮಿಷದ್ದು ಐದಕ್ಕೆ ಹೋಗಿ. ವೇಗವನ್ನು ಮನಸ್ಸಿಗೆ ತೋಚಿದಂತೆ ಏರಿಸಬೇಡಿ. ಹನ್ನೆರಡು ವಾರದ ನಂತರ, ಇಳಿಸುವ ವಾರದ ಕೊನೆಯಲ್ಲಿ 5 ಕಿಲೋಮೀಟರ್ ಸಮಯ ಹಿಡಿದು ಓಡಿ, ಅದರ ಮೇಲೆ ಹೊಸ ವೇಗ ನಿಗದಿ ಮಾಡಿ. ನಮ್ಮ ಉದಾಹರಣೆಯವರಿಗೆ 31:15ಕ್ಕಿಂತ ಕಡಿಮೆ ಬಂದರೆ ಇಂಟರ್ವಲ್ ಅನ್ನು ಕಿಲೋಮೀಟರಿಗೆ ಐದು ಸೆಕೆಂಡು ಚುರುಕಾಗಿಸಬಹುದು.

ಕೊನೆಯ ಇಂಟರ್ವಲ್ ಮೊದಲನೆಯದಕ್ಕಿಂತ ನಿಧಾನವಾದರೆ ವೇಗ ಹೆಚ್ಚಾಗಿತ್ತು ಅಂತ ಅರ್ಥ. ಮುಗಿದಾಗ "ಇನ್ನೊಂದು ಆಗುತ್ತಿತ್ತು" ಅನ್ನಿಸಬೇಕು. ಆ ಇನ್ನೊಂದನ್ನು ಮಾಡದೆ ಮನೆಗೆ ಹೋಗುವುದು ಈ ವಯಸ್ಸಿನ ಶಿಸ್ತು.

ಎದೆಬಡಿತ ನೋಡಿ ಓಡಬೇಕೇ? 220ರಿಂದ ವಯಸ್ಸು ಕಳೆದರೆ ಸಾಕೇ?

ಆ ಸೂತ್ರ ವಯಸ್ಸಾದಂತೆ ಕಡಿಮೆ ತೋರಿಸುತ್ತದೆ. ವಯಸ್ಸಿನ 0.7ರಷ್ಟನ್ನು 208ರಿಂದ ಕಳೆಯುವ ಸೂತ್ರ ಸ್ವಲ್ಪ ಮೇಲು. 54ಕ್ಕೆ ಮೊದಲನೆಯದು 166 ಅಂದರೆ ಎರಡನೆಯದು 170 ಅನ್ನುತ್ತದೆ. ಇದೂ ಸರಾಸರಿಯೇ, ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಇರುವುದು ಮಾಮೂಲು. ಹಗುರದ ದಿನಕ್ಕೆ ಎದೆಬಡಿತ ಒಳ್ಳೆಯ ಕಡಿವಾಣ, ಗರಿಷ್ಠದ ಶೇ 75 ದಾಟದಂತೆ ನೋಡಿಕೊಳ್ಳಿ. ಇಂಟರ್ವಲ್‌ಗೆ ಅದನ್ನು ನಂಬಬೇಡಿ. ವೇಗ ಏರಿದ ಮೇಲೆ ಎದೆಬಡಿತ ಅಲ್ಲಿಗೆ ತಲುಪಲು ಒಂದೆರಡು ನಿಮಿಷ ಬೇಕು. ಮೂರು ನಿಮಿಷದ ಓಟದಲ್ಲಿ ಗಡಿಯಾರದ ಅಂಕಿ ಬೆನ್ನಟ್ಟಿದರೆ ಮೊದಲ ನಿಮಿಷವೇ ಸುಸ್ತು.

ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಯಾವ ಸೂತ್ರವೂ ಅನ್ವಯಿಸುವುದಿಲ್ಲ. ಆ ಮಾತ್ರೆ ಎದೆಬಡಿತವನ್ನೇ ಹಿಡಿದಿಡುತ್ತದೆ. ಅಂಥವರಿಗೆ ಮಾತಾಡುವ ಪರೀಕ್ಷೆಯೇ ಅಳತೆಗೋಲು. ಓಡುವಾಗ ಎದೆಯಲ್ಲಿ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು, ಕಣ್ಣು ಕತ್ತಲೆ ಬಂದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮನೆಯಲ್ಲಿ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಜೋರಿನ ಓಟ ಶುರು ಮಾಡುವ ಮೊದಲೇ ತಪಾಸಣೆ ಮಾಡಿಸಿಕೊಳ್ಳಿ.

ಇವತ್ತು ಜೋರು ಮಾಡಬಹುದೋ ಬೇಡವೋ ಅಂತ ಗೊತ್ತಾಗುವುದು ಹೇಗೆ?

ಗಡಿಯಾರಗಳು ಕೊಡುವ ಅಂಕ ನಿದ್ದೆ ಮತ್ತು ಎದೆಬಡಿತವನ್ನು ನೋಡುತ್ತದೆಯೇ ಹೊರತು ಹಿಮ್ಮಡಿಯನ್ನಲ್ಲ. ಬೆಳಿಗ್ಗೆ ಮೂರು ಕಡೆ ನೋಡಿ. ಹಾಸಿಗೆಯಲ್ಲೇ ನಾಡಿ ಎಣಿಸಿದರೆ ಎಂದಿಗಿಂತ ಏಳೆಂಟು ಹೆಚ್ಚಿದೆಯೇ? ಮೆಟ್ಟಿಲು ಇಳಿಯುವಾಗ ಕಾಲು ಬಿಗಿದು ಕಟಾಂಜನ ಹಿಡಿಯಬೇಕಾಯಿತೇ? ಹತ್ತು ನಿಮಿಷ ಹಗುರವಾಗಿ ಓಡಿದ ಮೇಲೂ ಆ ಬಿಗಿತ ಉಳಿದಿದೆಯೇ? ಕೊನೆಯದಕ್ಕೆ ಹೌದು ಎಂದರೆ ಇಂಟರ್ವಲ್ ಬೇಡ, ಅರ್ಧ ಗಂಟೆ ಹಗುರವಾಗಿ ಓಡಿ ವಾಪಸ್. ತಪ್ಪಿದ ಇಂಟರ್ವಲ್ಲನ್ನು ಮಾರನೆಯ ದಿನಕ್ಕೆ ತಳ್ಳಿದರೆ ಭಾನುವಾರಕ್ಕೆ ಮುಂಚಿನ ಅಂತರ ಕುಗ್ಗುತ್ತದೆ. ಅದನ್ನು ಬಿಟ್ಟುಬಿಡುವುದೇ ಸರಿ.

ಬೆಳಗಿನ ಹಿಮ್ಮಡಿ ಬಿಗಿತಕ್ಕೆ ಬೇರೆ ಲೆಕ್ಕವಿದೆ. ಇಂದು ಹತ್ತು ಹೆಜ್ಜೆ, ನಾಳೆ ಹತ್ತು ಹೆಜ್ಜೆ ಅಂದರೆ ಸಹಿಸಬಹುದಾದ ಸ್ಥಿತಿ. ಜೋರಿನ ಮರುದಿನ ಅದು ಐವತ್ತು ಹೆಜ್ಜೆಯಾದರೆ ಹಿಂದಿನ ದಿನದ್ದು ಹೆಚ್ಚಾಯಿತು.

ಏರು ದಾರಿಯಲ್ಲಿ ಓಡುವುದು ಮಂಡಿಗೆ ಕೆಟ್ಟದ್ದಲ್ಲವೇ?

ಹತ್ತುವುದು ಅಲ್ಲ, ಇಳಿಯುವುದು. ಏರಿನಲ್ಲಿ ಪಾದ ನೆಲಕ್ಕೆ ಬೀಳುವ ಎತ್ತರ ಕಡಿಮೆ, ಹಾಗಾಗಿ ಬಡಿತವೂ ಕಡಿಮೆ. ಎದೆ ಮಾತ್ರ ಪೂರ್ತಿ ದುಡಿಯುತ್ತದೆ. ಇಂಟರ್ವಲ್‌ಗೆ ಬದಲಾಗಿ ಸಾಧಾರಣ ಏರಿನಲ್ಲಿ 45 ಸೆಕೆಂಡು ಓಡಿ, ನಡೆದು ಇಳಿದು, ಹೀಗೆ ಎಂಟು ಸಲ ಮಾಡುವುದು ಮಂಡಿ ನೋವಿನವರಿಗೆ ಒಳ್ಳೆಯ ದಾರಿ. ಅಕಿಲಿಸ್ ನೋವಿದ್ದವರಿಗೆ ಇದು ಬೇಡ, ಏರಿನಲ್ಲಿ ಹಿಮ್ಮಡಿ ಕೆಳಗೆ ಜಗ್ಗಿ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ.

ಓಡುತ್ತಿದ್ದರೆ ಮೂಳೆ ತಾನಾಗಿ ಗಟ್ಟಿಯಾಗುವುದಿಲ್ಲವೇ?

ಭಾಗಶಃ ಮಾತ್ರ. ಮೂಳೆ ಹೊಸ ಬಗೆಯ, ಜೋರಾದ ಹೊಡೆತಕ್ಕೆ ಸ್ಪಂದಿಸುತ್ತದೆ. ಒಂದೇ ಬಗೆಯ ಹೊಡೆತ ಮತ್ತೆ ಮತ್ತೆ ಬಿದ್ದರೆ ಕೆಲವು ಡಜನ್ ಹೊಡೆತಗಳಲ್ಲೇ ಅದರ ಕಿವಿ ಮುಚ್ಚಿಹೋಗುತ್ತದೆ, ಮತ್ತೆ ತೆರೆಯಲು ಗಂಟೆಗಳು ಬೇಕು. ಹತ್ತು ಕಿಲೋಮೀಟರಿನಲ್ಲಿ ಹತ್ತು ಸಾವಿರ ಹೆಜ್ಜೆಯಿದ್ದರೂ ಮೂಳೆಗೆ ಕೇಳಿಸಿದ್ದು ಮೊದಲಿನ ಕೆಲವೇ. ಉಳಿದದ್ದು ಸವೆತದ ಲೆಕ್ಕಕ್ಕೆ. ಅಲ್ಲದೆ ಓಟದ ಲಾಭ ಕಾಲಿಗೆ, ಸ್ವಲ್ಪ ಸೊಂಟದ ಕೀಲಿಗೆ. ಬೆನ್ನೆಲುಬಿಗೆ ಸಿಗುವುದು ಕಡಿಮೆ, ಮುಂಗೈಗೆ ಏನೂ ಇಲ್ಲ.

ಮಹಿಳೆಯರಿಗೆ ಇದು ಇನ್ನೂ ಮುಖ್ಯ. ಮುಟ್ಟು ನಿಂತ ನಂತರದ ಐದರಿಂದ ಏಳು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ಶೇ 20ರವರೆಗೂ ಇಳಿಯಬಹುದು. ಗಂಡಸರಲ್ಲಿ ಇಳಿತ ನಿಧಾನ, ಅದಕ್ಕೇ ಅವರು ಪರೀಕ್ಷೆಯನ್ನೇ ಮಾಡಿಸುವುದಿಲ್ಲ, ಮೊದಲ ಸುದ್ದಿ ಬಿರುಕಿನಿಂದಲೇ ಬರುತ್ತದೆ. ಡೆಕ್ಸಾ ಸ್ಕ್ಯಾನ್ ಸೊಂಟದ ಕೀಲು ಮತ್ತು ಬೆನ್ನಿನ ಕೆಳಭಾಗದ ಅಳತೆ ಕೊಡುತ್ತದೆ. ವರದಿಯಲ್ಲಿ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಅಂಕ, ಮೈನಸ್ 1ರವರೆಗೆ ಸಹಜ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಸಾಂದ್ರತೆ ಕಡಿಮೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಮೂಳೆ ಸವೆತ. ಮಾಲ್ ಅಥವಾ ಮೇಳಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ಹೇಳುವ ಅಂಕಿ ಡೆಕ್ಸಾಕ್ಕೆ ಸಮವಲ್ಲ.

ಮೂಳೆಗೆ ನಿಜವಾಗಿ ಏನು ಮಾಡಬೇಕು?

ಭಾರ ಎತ್ತಬೇಕು, ಮತ್ತು ಭಾರ ನಿಜಕ್ಕೂ ಭಾರವಾಗಿರಬೇಕು. ಆಸ್ಟ್ರೇಲಿಯಾದಲ್ಲಿ ನಡೆದ ಲಿಫ್ಟ್‌ಮೋರ್ ಎಂಬ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮೂಳೆ ಸಾಂದ್ರತೆ ಕಡಿಮೆಯಿದ್ದ, ಮುಟ್ಟು ನಿಂತ ಮಹಿಳೆಯರು ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ಎಂಟು ತಿಂಗಳು ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದರು: ಡೆಡ್‌ಲಿಫ್ಟ್, ಸ್ಕ್ವಾಟ್, ತಲೆಮೇಲೆ ಭಾರ ಎತ್ತುವ ಪ್ರೆಸ್, ಜೊತೆಗೆ ಜಿಗಿದು ನೆಲಕ್ಕೆ ಧೊಪ್ಪನೆ ಇಳಿಯುವುದು. ಐದು ಸೆಟ್, ಪ್ರತಿ ಸೆಟ್ಟಿನಲ್ಲಿ ಐದು ಸಲ, ಎತ್ತಬಲ್ಲ ಗರಿಷ್ಠದ ಶೇ 85ಕ್ಕಿಂತ ಮೇಲಿನ ಭಾರ. ಅವರ ಬೆನ್ನೆಲುಬಿನ ಸಾಂದ್ರತೆ ಸುಮಾರು ಶೇ 3 ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ 1ಕ್ಕೂ ಸ್ವಲ್ಪ ಹೆಚ್ಚು ಇಳಿಯಿತು. ಎರಡು ಕಿಲೋ ಡಂಬೆಲ್ ಮೂವತ್ತು ಸಲ ಎತ್ತಿದರೆ ಮೂಳೆಗೆ ಯಾಕೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಆದರೆ ಅಲ್ಲಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲ ಆರು ವಾರ ಹಗುರ ಭಾರದಲ್ಲಿ ಹತ್ತು ಸಲದ ಮೂರು ಸೆಟ್, ಗುರಿ ಭಂಗಿ ಕಲಿಯುವುದು ಮಾತ್ರ. ಸಾಧ್ಯವಾದರೆ ಈ ಹಂತವನ್ನು ತಿಳಿದವರ ಕಣ್ಣೆದುರು ಮಾಡಿ. ಆಮೇಲೆ ಎರಡು ವಾರಕ್ಕೊಮ್ಮೆ ಎರಡೂವರೆ ಕಿಲೋ ಏರಿಸುತ್ತ, ಐದು ಸಲ ಎತ್ತಿದಾಗ ಇನ್ನು ಒಂದೆರಡು ಸಲವಷ್ಟೇ ಸಾಧ್ಯ ಅನ್ನಿಸುವ ಭಾರಕ್ಕೆ ತಲುಪಿ. ಸೆಟ್ಟುಗಳ ನಡುವೆ ಎರಡು ನಿಮಿಷ ಕೂರಿ. ಜಿಮ್ ಇಲ್ಲದಿದ್ದರೆ ಬ್ಯಾಕ್‌ಪ್ಯಾಕಿಗೆ ಐದು ಕಿಲೋದ ಅಕ್ಕಿ ಪೊಟ್ಟಣಗಳನ್ನು ತುಂಬಿ ಸ್ಕ್ವಾಟ್ ಮಾಡಬಹುದು. ಅಕ್ಕಿ ಮೂಟೆಯನ್ನು ಬಗ್ಗಿ ಎತ್ತುವುದು ಬೇಡ, ಹಿಡಿ ಸಿಗದೆ ಬೆನ್ನು ಗುಂಡಾಗುತ್ತದೆ, ಸಾಂದ್ರತೆ ಕಡಿಮೆಯಿರುವ ಬೆನ್ನೆಲುಬಿಗೆ ಅಪಾಯದ ಭಂಗಿ ಅದೇ.

ಜಿಗಿತ ಚಿಕ್ಕ ಕೆಲಸ. ಮೊದಲ ತಿಂಗಳು ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ನೆಲಕ್ಕೆ ಬಡಿಯುವುದು, ಇಪ್ಪತ್ತು ಸಲ. ಆಮೇಲೆ ಎರಡೂ ಕಾಲಲ್ಲಿ ನೇರ ಮೇಲಕ್ಕೆ ಜಿಗಿದು ಇಳಿಯುವುದು, ಹತ್ತು ಸಲದ ಮೂರು ಸೆಟ್. ಹಗ್ಗದಾಟದಂತೆ ಪಟಪಟನೆ ಬೇಡ. ಒಂದೊಂದು ಜಿಗಿತದ ನಡುವೆ ಹತ್ತು ಸೆಕೆಂಡು ನಿಂತರೆ ಮೂಳೆಯ ಕಿವಿ ತೆರೆದೇ ಇರುತ್ತದೆ. ಟಿ-ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗಿದ್ದವರು, ಹಿಂದೆ ಸಣ್ಣ ಬೀಳುವಿಕೆಗೇ ಮೂಳೆ ಮುರಿದವರು ವೈದ್ಯರನ್ನು ಕೇಳದೆ ಜಿಗಿಯಬಾರದು.

ಮೀನಖಂಡಕ್ಕೆ ಪ್ರತ್ಯೇಕ ವ್ಯಾಯಾಮ ಬೇಕೇ?

ಬೇಕೇಬೇಕು. ವಯಸ್ಸಾದ ಓಟಗಾರರ ಹೆಜ್ಜೆ ಗಿಡ್ಡವಾಗಲು ಮುಖ್ಯ ಕಾರಣ ಮೀನಖಂಡದ ತಳ್ಳುಬಲ ಕುಗ್ಗುವುದು. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಇಟ್ಟು, ಗೋಡೆಗೆ ಬೆರಳು ತಾಗಿಸಿ ನಿಲ್ಲಿ. ಒಂದೇ ಕಾಲಲ್ಲಿ ಎರಡು ಎಣಿಕೆಗೆ ಏರಿ, ಮೇಲೆ ಒಂದು ಎಣಿಕೆ ತಡೆದು, ಮೂರು ಎಣಿಕೆಗೆ ಇಳಿಯಿರಿ. ಹನ್ನೆರಡು ಸಲ ಮಂಡಿ ನೆಟ್ಟಗಿಟ್ಟು, ಹನ್ನೆರಡು ಸಲ ಮಂಡಿ ಸ್ವಲ್ಪ ಮಡಿಸಿ. ಮಡಿಸಿದಾಗ ಒಳಗಿನ ಸೋಲಿಯಸ್ ಸ್ನಾಯು ದುಡಿಯುತ್ತದೆ, ದೂರದ ಓಟದಲ್ಲಿ ಹೆಚ್ಚು ಹೊರೆ ಹೊರುವುದು ಅದು. ಇಂಥ ಮೂರು ಸುತ್ತು, ವಾರಕ್ಕೆ ಎರಡು ಸಲ, ಭಾರದ ದಿನವೇ. ಒಂದೇ ಕಾಲಲ್ಲಿ ಸತತವಾಗಿ ಇಪ್ಪತ್ತು ಸಲ ಆಗುವುದಾದರೆ ಬ್ಯಾಕ್‌ಪ್ಯಾಕಿನಲ್ಲಿ ಭಾರ ಸೇರಿಸಿ. ನೋವು ಹಿಮ್ಮಡಿ ಮೂಳೆಗೆ ಟೆಂಡನ್ ಅಂಟುವ ಜಾಗದಲ್ಲೇ ಇದ್ದರೆ ಮೆಟ್ಟಿಲು ಬೇಡ, ಸಮತಟ್ಟು ನೆಲದ ಮೇಲೆ ಮಾಡಿ. ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಜಗ್ಗಿದರೆ ಆ ಜಾಗ ಇನ್ನಷ್ಟು ಒತ್ತಿಹೋಗುತ್ತದೆ.

ಮೂಳೆಯಲ್ಲಿ ಸಣ್ಣ ಬಿರುಕು ಬಂದಿದೆಯೋ, ಬರೀ ಸ್ನಾಯು ನೋವೋ ಅಂತ ತಿಳಿಯುವುದು ಹೇಗೆ?

ಸ್ನಾಯು ನೋವು ಅಂಗೈ ಅಗಲಕ್ಕೆ ಹರಡಿರುತ್ತದೆ, ಓಡುತ್ತ ಬಿಸಿಯಾದಂತೆ ಕಡಿಮೆಯಾಗುತ್ತದೆ. ಸ್ಟ್ರೆಸ್ ಫ್ರ್ಯಾಕ್ಚರಿನ ನೋವು ಹೆಬ್ಬೆರಳ ತುದಿಯಷ್ಟು ಜಾಗಕ್ಕೆ ಸೀಮಿತ, ಓಡಿದಷ್ಟೂ ಹೆಚ್ಚುತ್ತದೆ, ಆಮೇಲೆ ನಡೆಯುವಾಗಲೂ ರಾತ್ರಿ ಮಲಗಿದಾಗಲೂ ಕಾಣಿಸಿಕೊಳ್ಳುತ್ತದೆ. ಮಂಡಿ ಕೆಳಗಿನ ಎಲುಬಿನ ಒಳ ಅಂಚಿನ ಮೇಲೆ ಹೆಬ್ಬೆರಳನ್ನು ಮೇಲಿಂದ ಕೆಳಗೆ ಒತ್ತುತ್ತ ಬನ್ನಿ. ಒಂದೇ ಒಂದು ಕಡೆ ಚುಚ್ಚಿದಂತಾಗಿ ಕಾಲು ಹಿಂದಕ್ಕೆಳೆದುಕೊಂಡರೆ ಅನುಮಾನ ಪಡಬೇಕು. ತೊಡೆಸಂದಿನ ಆಳದಲ್ಲಿ, ಕಾಲೂರಿದಾಗಲೆಲ್ಲ ಬರುವ ನೋವನ್ನು ಮಾತ್ರ ಪರೀಕ್ಷೆ ಮಾಡುತ್ತ ಕೂರಬೇಡಿ. ಅದು ತೊಡೆಮೂಳೆಯ ಕುತ್ತಿಗೆಯ ಬಿರುಕಾಗಿರಬಹುದು, ಪೂರ್ತಿ ಮುರಿದರೆ ಶಸ್ತ್ರಚಿಕಿತ್ಸೆಯೇ ಗತಿ. ಅಂದೇ ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರೆ ನಿರಾಳವಾಗಬೇಡಿ. ಮೊದಲ ಎರಡು ಮೂರು ವಾರ ಬಿರುಕು ಎಕ್ಸ್‌ರೇಗೆ ಸಿಗದಿರುವುದೇ ಹೆಚ್ಚು, ಎಂಆರ್‌ಐಯಲ್ಲಿ ಕಾಣುತ್ತದೆ.

ಇನ್ನೊಂದು ವಿಷಯ ಗೊತ್ತಿದ್ದರೆ ಬಿರುಕನ್ನೇ ತಪ್ಪಿಸಬಹುದು. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ಹಳೆಯ ಭಾಗವನ್ನು ಕೆರೆದು ತೆಗೆಯುತ್ತದೆ, ಅದಕ್ಕೆ ಸುಮಾರು ಮೂರು ವಾರ. ಆ ಗುಂಡಿಯನ್ನು ಹೊಸ ಮೂಳೆಯಿಂದ ತುಂಬಲು ಸುಮಾರು ಮೂರು ತಿಂಗಳು. ಮನೆ ರಿಪೇರಿಯಲ್ಲಿ ಗೋಡೆ ಒಡೆದು ಇನ್ನೂ ಕಟ್ಟದ ಹೊತ್ತಿನಂತೆ, ದೂರ ಏರಿಸಿದ ಮೂರನೆಯ ವಾರದಿಂದ ಒಂದೆರಡು ತಿಂಗಳು ಮೂಳೆ ಮೊದಲಿಗಿಂತ ದುರ್ಬಲ. ವಿಚಿತ್ರವೆಂದರೆ ಆ ಹೊತ್ತಿಗೇ ಉಸಿರು ಸುಧಾರಿಸಿ ಇನ್ನೂ ಏರಿಸೋಣ ಅನ್ನಿಸುವುದು. ಮೂರನೆಯ ವಾರವನ್ನು ಇಳಿಸುವ ವಾರ ಮಾಡಿದ್ದಕ್ಕೆ ಇದೂ ಒಂದು ಕಾರಣ.

ಊಟದಲ್ಲಿ ಏನು ಬದಲಿಸಬೇಕು?

ಒಂದು ಹೊತ್ತಿಗೆ ಪ್ರತಿ ಕಿಲೋ ದೇಹತೂಕಕ್ಕೆ 0.4 ಗ್ರಾಂ ಪ್ರೋಟೀನ್, ದಿನಕ್ಕೆ ಮೂರು ಹೊತ್ತು. 58 ಕಿಲೋದವರಿಗೆ ಹೊತ್ತಿಗೆ 23 ಗ್ರಾಂ. ನಮ್ಮ ಊಟದಲ್ಲಿ ಸೋಲುವುದು ಬೆಳಗಿನ ತಿಂಡಿ. ಮೂರು ಇಡ್ಲಿ, ಸಾಂಬಾರು ಸೇರಿ ಹತ್ತು ಗ್ರಾಂ ಆಸುಪಾಸು. ಉಪ್ಪಿಟ್ಟು, ಅವಲಕ್ಕಿ ಇನ್ನೂ ಕಡಿಮೆ. ಅದೇ ತಟ್ಟೆಗೆ ಎರಡು ಮೊಟ್ಟೆಯ 12 ಗ್ರಾಂ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಮೊಟ್ಟೆ ತಿನ್ನದವರಿಗೆ 50 ಗ್ರಾಂ ಒಣ ಹೆಸರುಕಾಳಿನ ಉಸಲಿ 12 ಗ್ರಾಂ, ಒಂದು ದೊಡ್ಡ ಲೋಟ ಹಾಲು 8 ಗ್ರಾಂ, ನೂರು ಗ್ರಾಂ ಪನೀರ್ 18 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಈ ಅಂಕಿಗಳನ್ನು ವೈದ್ಯರಿಗೆ ತೋರಿಸದೆ ಪಾಲಿಸಬಾರದು.

ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350, ಅರ್ಧ ಲೀಟರ್ ಹಾಲು-ಮೊಸರಿನಲ್ಲಿ ಸುಮಾರು 600, ಒಂದು ದೊಡ್ಡ ಚಮಚ ಎಳ್ಳಿನಲ್ಲಿ ನೂರರ ಮೇಲೆ. ರಾಗಿಯಲ್ಲಿರುವ ಫೈಟೇಟ್ ಸ್ವಲ್ಪ ಕ್ಯಾಲ್ಸಿಯಮನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿ ಬೀಸಿದ ಹಿಟ್ಟಿನಲ್ಲಿ ಆ ತೊಂದರೆ ಕಡಿಮೆ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಮನ್ನು ಲೆಕ್ಕಕ್ಕೇ ಹಿಡಿಯಬೇಡಿ, ಆಕ್ಸಲೇಟ್ ಅದನ್ನು ಬಿಡುವುದಿಲ್ಲ.

ಬಿಸಿಲಿನ ನಾಡಿನಲ್ಲಿದ್ದೂ ಓಟಗಾರರಿಗೆ ವಿಟಮಿನ್ ಡಿ ಕೊರತೆ ಯಾಕೆ ಅಂತ ಕೇಳುತ್ತಾರೆ. ಬೆಳಿಗ್ಗೆ ಐದೂವರೆಗೆ ಓಡಿ ಏಳಕ್ಕೆ ಮನೆ ಸೇರಿದರೆ ಚರ್ಮಕ್ಕೆ ಬೇಕಾದ ಕಿರಣ ಸಿಗುವುದೇ ಇಲ್ಲ, ಅದು ಸೂರ್ಯ ಮೇಲೇರಿದ ಮೇಲಿನದು. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದು 60,000 ಯೂನಿಟ್ಟಿನ ಪೊಟ್ಟಣ ಕೆಲವು ವಾರ ಕೊಡುತ್ತಾರೆ. ಆ ಕೆಲವು ವಾರ ಮುಗಿದ ಮೇಲೂ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವವರಿದ್ದಾರೆ. ಅದು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು.

ತೂಕ ಇಳಿಸಲು ಒಂದು ಹೊತ್ತು ಬಿಟ್ಟು ಲಾಂಗ್ ರನ್ ಮಾಡುವುದು ಮೂಳೆಯ ಮಟ್ಟಿಗೆ ಕೆಟ್ಟ ವ್ಯವಹಾರ. ಶಕ್ತಿ ಸಾಲದಾದಾಗ ದೇಹ ಮೊದಲು ಕೈಬಿಡುವ ಕೆಲಸಗಳಲ್ಲಿ ಮೂಳೆ ಕಟ್ಟುವುದೂ ಒಂದು. ಓಡುವ ಮುಂಚೆ ಒಂದು ಬಾಳೆಹಣ್ಣು, ಮುಗಿದ ಗಂಟೆಯೊಳಗೆ ಪೂರ್ತಿ ತಿಂಡಿ.

ಈ ವಯಸ್ಸಿನಲ್ಲಿ ಸುಧಾರಣೆಗೆ ಮಿತಿ ಎಲ್ಲಿ?

ಚೆನ್ನಾಗಿ ತರಬೇತಾದವರ ಸಮಯ ಐವತ್ತರ ನಂತರ ವರ್ಷಕ್ಕೆ ಸುಮಾರು ಶೇ 1ರ ಆಸುಪಾಸಿನಲ್ಲಿ ನಿಧಾನವಾಗುತ್ತದೆ. 65 ನಿಮಿಷದ ಓಟಕ್ಕೆ ವರ್ಷಕ್ಕೆ ಮೂವತ್ತು-ನಲವತ್ತು ಸೆಕೆಂಡು. ಹಾಗಾಗಿ ಮೂರು ವರ್ಷ ಅದೇ ಸಮಯ ಹಿಡಿದಿಟ್ಟುಕೊಂಡವರು ನಿಂತಲ್ಲೇ ನಿಂತಿಲ್ಲ. ವಯಸ್ಸಿಗೆ ಹೊಂದಿಸಿ ಅಂಕ ಕೊಡುವ ಏಜ್ ಗ್ರೇಡ್ ಲೆಕ್ಕದಲ್ಲಿ ಅದು ಏರಿಕೆಯೇ. ತಡವಾಗಿ ಓಟಕ್ಕೆ ಬಂದವರಿಗೆ, ತಪ್ಪು ತರಬೇತಿಯಲ್ಲಿ ಸಿಕ್ಕಿಕೊಂಡಿದ್ದವರಿಗೆ ಗಡಿಯಾರದಲ್ಲೂ ಇಳಿಸಲು ಜಾಗ ಬೇಕಾದಷ್ಟಿದೆ. ತುತ್ತತುದಿಯ ಹತ್ತಿರ ಹೋದವರನ್ನು ನೋಡಬೇಕಾದರೆ: ಕೆನಡಾದ ಎಡ್ ವಿಟ್ಲಾಕ್ 2004ರಲ್ಲಿ, 73ನೇ ವಯಸ್ಸಿನಲ್ಲಿ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. ಜಪಾನಿನ ಮಾರಿಕೋ ಯುಗೆಟಾ 2021ರಲ್ಲಿ, 62ನೇ ವಯಸ್ಸಿನಲ್ಲಿ 2 ಗಂಟೆ 52 ನಿಮಿಷ 13 ಸೆಕೆಂಡಿನಲ್ಲಿ.

ಜ್ವರ, ಪ್ರಯಾಣ ಅಂತ ಎರಡು ವಾರ ತಪ್ಪಿಹೋಯಿತು. ಎಲ್ಲಿಂದ ಹಿಡಿಯಬೇಕು?

ಐದಾರು ದಿನ ತಪ್ಪಿದ್ದರೆ ಇದ್ದಲ್ಲಿಂದಲೇ ಮುಂದುವರಿಸಿ, ಮೊದಲ ಬುಧವಾರದ ಜೋರು ಮಾತ್ರ ಬಿಡಿ. ಎರಡು ವಾರವಾಗಿದ್ದರೆ ಮೊದಲ ವಾರ ಅರ್ಧ ದೂರ, ಎಲ್ಲ ಹಗುರ. ಎರಡನೆಯ ವಾರ ಮುಕ್ಕಾಲು ದೂರ, ಬುಧವಾರ ಇಂಟರ್ವಲ್ ಮೂರು. ಮೂರನೆಯ ವಾರಕ್ಕೆ ಹಳೆಯ ಸುತ್ತಿಗೆ ಮರಳಬಹುದು. ಭಾರವನ್ನು ಬಿಟ್ಟ ಜಾಗಕ್ಕಿಂತ ಒಂದು ಐದನೇ ಭಾಗ ಕಡಿಮೆಯಿಂದ ಹಿಡಿಯಿರಿ. ಜ್ವರದಿಂದ ಎದ್ದವರು, ಅದರಲ್ಲೂ ಡೆಂಗಿ ಅಥವಾ ಚಿಕೂನ್‌ಗುನ್ಯಾ ಆದವರು, ದಿನ ಎಣಿಸಬೇಡಿ. ಬೆಳಗಿನ ನಾಡಿ ಹಳೆಯ ಅಂಕಿಗೆ ಬರಬೇಕು, ಬೆರಳು ಮತ್ತು ಪಾದದ ಕೀಲುಗಳ ಬೆಳಗಿನ ಬಿಗಿತ ಹೋಗಿರಬೇಕು, ಅರ್ಧ ಗಂಟೆ ಚುರುಕು ನಡಿಗೆಯಲ್ಲಿ ಎದೆ ಡವಗುಟ್ಟಬಾರದು. ಆಮೇಲೆ ಮೊದಲ ಹತ್ತು ದಿನ ಹಗುರದ ಓಟ ಮಾತ್ರ, ದಿನ ಬಿಟ್ಟು ದಿನ, 20 ನಿಮಿಷದಿಂದ ಶುರು.